ಒಂದೇ ಹಾಳೆ, ಎರಡು ಸಹಿ: ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ಮಾಲೀಕರಿಗೆ ಬಹಿರಂಗ ಪತ್ರ

ಮಾನ್ಯ ಫ್ಲ್ಯಾಟ್ ಮಾಲೀಕರೇ,

ಬಾಡಿಗೆದಾರರ ನೋಂದಣಿ ಕುರಿತು ನಮ್ಮ ಸಂಘದ ಆಡಳಿತ ಸಮಿತಿ ಕಳಿಸಿದ ನೋಟಿಸು ನಿಮ್ಮ ಕೈ ಸೇರಿದೆ. ಬಾಡಿಗೆಗೆ ಇರುವವರ ವಿವರ ಕೊಡಿ, ಕರಾರಿನ ಪ್ರತಿ ಕೊಡಿ, ಪೊಲೀಸ್ ಠಾಣೆಯ ಸ್ವೀಕೃತಿ ಕೊಡಿ ಎಂದಷ್ಟೇ ಅದರಲ್ಲಿತ್ತು. ಯಾಕೆ ಕೊಡಬೇಕು, ಹೇಗೆ ಕೊಡಬೇಕು, ಕೊಟ್ಟ ಕಾಗದ ಎಲ್ಲಿ ಹೋಗುತ್ತದೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಈ ಪತ್ರ ಬರೆಯುತ್ತಿದ್ದೇವೆ. ತುಮಕೂರಿನ ಬೇರೆ ಅಪಾರ್ಟ್‌ಮೆಂಟುಗಳವರಿಗೂ, ಮನೆ ಹುಡುಕುತ್ತಿರುವ ಬಾಡಿಗೆದಾರರಿಗೂ ಉಪಯೋಗಕ್ಕೆ ಬಂದೀತೆಂದು ಬಹಿರಂಗವಾಗಿಯೇ ಬರೆದಿದ್ದೇವೆ.

ನಮ್ಮ ನಮೂನೆಯಲ್ಲಿ ಮಾಲೀಕರು ಮತ್ತು ಮನೆಯಲ್ಲಿ ನಿಜವಾಗಿ ವಾಸಿಸುವವರು ಒಂದೇ ಹಾಳೆಯ ಮೇಲೆ, ಒಂದರ ಕೆಳಗೊಂದು ಸಹಿ ಹಾಕಬೇಕು. ಹೆಚ್ಚು ಆಕ್ಷೇಪ ಬಂದಿರುವುದು ಇದಕ್ಕೇ. ಬೆಂಗಳೂರಿನಲ್ಲಿ ಕೂತ ಮಾಲೀಕರು ಬಾಡಿಗೆದಾರರ ಮುಖ ನೋಡಿರುವುದಿಲ್ಲ, ಬ್ರೋಕರ್ ಎಲ್ಲ ನೋಡಿಕೊಳ್ಳುತ್ತಾನೆ, ಅವನ ಸಹಿ ಸಾಲದೇ ಎಂಬುದು ಪ್ರಶ್ನೆ. ಸಾಲದು. ಈ ಹಾಳೆಯನ್ನು ಮಾಡಿರುವುದೇ ಮಧ್ಯದಲ್ಲಿ ನಿಂತವರು ಎರಡು ಕಡೆಗೂ ಎರಡು ಬೇರೆ ಮಾತು ಹೇಳಿದ್ದರೆ ಅದು ಹೊರಗೆ ಬರಲಿ ಎಂದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆ ಮನೆ ಕೊಡುವುದು ಎರಡು ರೀತಿಯಲ್ಲಿ. ಒಂದು ಬಾಡಿಗೆ: ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಹಣ ಕಟ್ಟುವುದು. ಇನ್ನೊಂದು ಭೋಗ್ಯ, ಈಗಿನವರು ಲೀಸ್ ಎನ್ನುವುದು: ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಒಂದೇ ಮನೆಯನ್ನು ಮಾಲೀಕರಿಂದ ಬಾಡಿಗೆಗೆ ಪಡೆದು, ವಾಸಕ್ಕೆ ಬರುವವರಿಗೆ ಭೋಗ್ಯಕ್ಕೆ ಕೊಡುವ ಮಧ್ಯವರ್ತಿಗಳಿದ್ದಾರೆ. ಮಾಲೀಕರ ಲೆಕ್ಕದಲ್ಲಿ ಆತ ಬಾಡಿಗೆದಾರ ಅಥವಾ ಮನೆ ನೋಡಿಕೊಳ್ಳುವ ಕಂಪನಿ. ವಾಸಕ್ಕೆ ಬಂದವರ ಲೆಕ್ಕದಲ್ಲಿ ಆತ ಮಾಲೀಕರ ಕಡೆಯವನು. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗದಂತೆ ನೋಡಿಕೊಳ್ಳುವುದೇ ಅವನ ಕಸುಬು.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಬೆಡ್‌ರೂಮಿನ ಫ್ಲ್ಯಾಟು, ತಿಂಗಳಿಗೆ 14,000 ರೂಪಾಯಿ ಬಾಡಿಗೆ, 1 ಲಕ್ಷ ಅಡ್ವಾನ್ಸ್ ಎಂದಿಟ್ಟುಕೊಳ್ಳಿ. ಮಧ್ಯವರ್ತಿ ಇದನ್ನು ಮಾಲೀಕರಿಂದ ಪಡೆದು ಒಂದು ಕುಟುಂಬಕ್ಕೆ ಮೂರು ವರ್ಷಕ್ಕೆ 8 ಲಕ್ಷಕ್ಕೆ ಭೋಗ್ಯ ಕೊಡುತ್ತಾನೆ. ಮಾಲೀಕರೇ ನೇರವಾಗಿ ಭೋಗ್ಯಕ್ಕೆ ಕೊಟ್ಟಿದ್ದರೆ ಇದಕ್ಕಿಂತ ಹೆಚ್ಚು ಕೇಳುತ್ತಿದ್ದರು. ಕಡಿಮೆಗೆ ಸಿಕ್ಕಿತೆಂದು ಆ ಕುಟುಂಬ ಖುಷಿಯಾಗಿ ಒಪ್ಪಿಕೊಳ್ಳುತ್ತದೆ. ಮಧ್ಯವರ್ತಿ ಕೈಗೆ ಬಂದ 8 ಲಕ್ಷದಲ್ಲಿ ಅಡ್ವಾನ್ಸಿಗೆ 1 ಲಕ್ಷ ಹೋಗಿ ಉಳಿದದ್ದು 7 ಲಕ್ಷ. ಅವನು ಮಾಲೀಕರಿಗೆ ವರ್ಷಕ್ಕೆ ಕಟ್ಟಬೇಕಾದ ಬಾಡಿಗೆ 1,68,000. ಅಸಲು ಮುಟ್ಟದೆ ಇದನ್ನು ಕಟ್ಟಬೇಕಾದರೆ ಆ 7 ಲಕ್ಷ ವರ್ಷಕ್ಕೆ ನೂರಕ್ಕೆ 24ರಂತೆ ದುಡಿಯಬೇಕು. ಯಾವ ಬ್ಯಾಂಕಿನ ಠೇವಣಿಯೂ ಅಷ್ಟು ಕೊಡುವುದಿಲ್ಲ. ಹಾಗಾಗಿ ಆ ಬಾಡಿಗೆ ಒಂದೋ ಅದೇ ಅಸಲಿನಿಂದ ಹೋಗುತ್ತದೆ, ಇಲ್ಲವೇ ಮುಂದೆ ಸಿಗುವ ಇನ್ನೊಂದು ಕುಟುಂಬದ ಭೋಗ್ಯದ ಹಣದಿಂದ ಹೋಗುತ್ತದೆ. ಹೊಸ ಕುಟುಂಬಗಳು ಸಿಗುವುದು ನಿಂತ ತಿಂಗಳು ಬಾಡಿಗೆಯೂ ನಿಲ್ಲುತ್ತದೆ. ಮೋಸದ ಉದ್ದೇಶವೇ ಇಲ್ಲದ ಮಧ್ಯವರ್ತಿಯ ಕೈಯಲ್ಲೂ ಈ ವ್ಯವಹಾರ ಕೂಡಿಬರುವುದಿಲ್ಲ.

ಇದು ಬಯಲಿಗೆ ಬರಲು ಯಾಕೆ ಅಷ್ಟು ತಡವಾಗುತ್ತದೆ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಹತ್ತು ತಿಂಗಳು ಸರಿಯಾಗಿ ಕಟ್ಟಿ ಹನ್ನೊಂದನೇ ತಿಂಗಳು ಬಾಡಿಗೆ ನಿಂತಿತೆನ್ನಿ. ಮಾಲೀಕರ ಹತ್ತಿರ 1 ಲಕ್ಷ ಅಡ್ವಾನ್ಸ್ ಇದೆ, ಅಂದರೆ ಏಳು ತಿಂಗಳ ಬಾಡಿಗೆ. ಅಡ್ವಾನ್ಸಿನಲ್ಲಿ ಮುರಿದುಕೊಂಡರಾಯಿತೆಂದು ಅವರು ಸುಮ್ಮನಿರುತ್ತಾರೆ. ಅದು ಮುಗಿದ ಮೇಲೆ, ಒಂದೂವರೆ ವರ್ಷದ ಹೊತ್ತಿಗೆ, ತುಮಕೂರಿಗೆ ಬಂದು ಬಾಗಿಲು ತಟ್ಟುತ್ತಾರೆ. ಒಳಗಿರುವವರು ತಾವು 8 ಲಕ್ಷ ಕೊಟ್ಟವರು, ಇನ್ನೂ ಒಂದೂವರೆ ವರ್ಷ ಇರುವ ಹಕ್ಕಿದೆ ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಮಧ್ಯವರ್ತಿಯ ಫೋನು ಸ್ವಿಚ್ ಆಫ್. ವಂಚನೆಯ ದೂರು ಕೊಡಬಹುದು, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅದಕ್ಕೇ ಇದೆ. ಆದರೆ ಒಂದೂವರೆ ವರ್ಷದಲ್ಲಿ ಹಣ ಎಷ್ಟೋ ಖಾತೆ ದಾಟಿರುತ್ತದೆ. ಇದೇ ಸಂಗತಿ ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಹಣ ಹೋದ ಖಾತೆಯನ್ನು ಹಿಡಿಯುವ ಅವಕಾಶವಾದರೂ ಇರುತ್ತಿತ್ತು.

ಆದ್ದರಿಂದಲೇ ನಮ್ಮ ನಮೂನೆಯ ಮೊದಲ ಹಾಳೆಯಲ್ಲಿ ಇರುವುದು ಮೂರು ಪ್ರಶ್ನೆ. ಕೊಟ್ಟಿರುವುದು ಬಾಡಿಗೆಗೋ ಭೋಗ್ಯಕ್ಕೋ? ಹಣ ಯಾರ ಹೆಸರಿನ ಖಾತೆಗೆ ಹೋಗಿದೆ? ಎಷ್ಟು ಅವಧಿಗೆ? ಇವಕ್ಕೆ ಮಾಲೀಕರು ಎಡಗಡೆಯ ಕಾಲಮ್ಮಿನಲ್ಲಿ ಉತ್ತರ ಬರೆಯಬೇಕು, ವಾಸಕ್ಕೆ ಬಂದವರು ಬಲಗಡೆಯಲ್ಲಿ. ಎರಡು ಕಾಲಮ್ಮುಗಳ ಉತ್ತರ ಒಂದೇ ಆಗಿದ್ದರೆ ನಮ್ಮ ಕೆಲಸ ಮುಗಿಯಿತು. ಬೇರೆ ಬೇರೆ ಇದ್ದರೆ ಕಾರ್ಯದರ್ಶಿಯವರು ಅದೇ ದಿನ ಇಬ್ಬರಿಗೂ ಫೋನು ಮಾಡಿ ಪರಸ್ಪರ ಮಾತಾಡಿಸುತ್ತಾರೆ. ಸಂಘದ ಪಾತ್ರ ಅಲ್ಲಿಗೇ ನಿಲ್ಲುತ್ತದೆ. ನಾವು ಪಂಚಾಯ್ತಿ ಮಾಡುವುದಿಲ್ಲ, ಯಾರು ಸರಿ ಎಂದು ತೀರ್ಪು ಹೇಳುವುದಿಲ್ಲ.

ಮೊತ್ತ ಎಷ್ಟು ಎಂದು ನಾವು ಕೇಳಿಲ್ಲ, ಗಮನಿಸಿ. ಬಾಡಿಗೆ ಎಷ್ಟು ಬರುತ್ತದೆ ಎಂದು ಸಂಘಕ್ಕೆ ಗೊತ್ತಾದರೆ ನಾಳೆ ಆದಾಯ ತೆರಿಗೆಯವರಿಗೂ ಗೊತ್ತಾದೀತು ಎಂಬ ಹಿಂಜರಿಕೆ ಕೆಲವರಿಗಿದೆ. ಬಾಡಿಗೆ ಆದಾಯವನ್ನು ತೋರಿಸುವುದು ಬಿಡುವುದು ನಿಮಗೂ ಇಲಾಖೆಗೂ ಸೇರಿದ್ದು. ಕೆಲಸದಲ್ಲಿರುವ ಬಾಡಿಗೆದಾರರು ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಬಾಡಿಗೆ ತೋರಿಸಿ ಎಚ್‌ಆರ್‌ಎ ವಿನಾಯಿತಿ ಕೇಳಿದರೆ ನಿಮ್ಮ ಪ್ಯಾನ್ ಸಂಖ್ಯೆಯನ್ನು ಅವರೇ ಕಂಪನಿಗೆ ಕೊಡಬೇಕಾಗುತ್ತದೆ ಎಂಬುದು ಮಾತ್ರ ನೆನಪಿರಲಿ, ಗುಟ್ಟು ಹೊರಬೀಳುವ ದಾರಿ ನಮ್ಮ ಆಫೀಸಿನದಲ್ಲ. ಕರಾರಿನ ಪ್ರತಿ ಕೊಡುವಾಗ ಮೊತ್ತ ಇರುವ ಸಾಲುಗಳ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿಸಿ ಕೊಡಿ, ತೆಗೆದುಕೊಳ್ಳುತ್ತೇವೆ. ನಮಗೆ ಬೇಕಾದದ್ದು ಪಕ್ಷಗಾರರ ಹೆಸರು, ಫ್ಲ್ಯಾಟ್ ಸಂಖ್ಯೆ, ಅವಧಿ, ಸಹಿ ಇರುವ ಪುಟ, ಮತ್ತು ಒಳಬಾಡಿಗೆ ಕುರಿತ ಷರತ್ತು.

ಆ ಕೊನೆಯದರ ಬಗ್ಗೆ ಒಂದೆರಡು ಮಾತು. ಕರಾರಿನಲ್ಲಿ ಏನೂ ಬರೆಯದಿದ್ದರೆ ಬಾಡಿಗೆದಾರ ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ಹೆಚ್ಚಿನ ಮಾಲೀಕರು ನಂಬಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುವುದು ಇದರ ತದ್ವಿರುದ್ಧ: ಬೇಡವೆಂದು ಕರಾರಿನಲ್ಲಿ ಬರೆಯದಿದ್ದರೆ ಗೇಣಿಗೆ ಪಡೆದವನು ತನ್ನ ಹಕ್ಕನ್ನು ಒಳಗೇಣಿಗೆ ಕೊಡಬಹುದು. ಹಾಗಾಗಿ 'ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಯಾರಿಗೂ ಬಾಡಿಗೆ, ಭೋಗ್ಯ ಅಥವಾ ವಾಸಕ್ಕೆ ಕೊಡತಕ್ಕದ್ದಲ್ಲ' ಎಂಬ ಒಂದು ಸಾಲು ನಿಮ್ಮ ಕರಾರಿನಲ್ಲಿ ಇರಲೇಬೇಕು. ಮಧ್ಯವರ್ತಿಗಳು ತಾವೇ ಟೈಪ್ ಮಾಡಿಸಿ ತರುವ ಕರಾರಿನಲ್ಲಿ ಈ ಸಾಲು ಇರುವುದಿಲ್ಲ. ಅದರ ಜಾಗದಲ್ಲಿ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ, 'ಎರಡನೇ ಪಕ್ಷದವರು ತಮ್ಮ ಸಿಬ್ಬಂದಿಗೆ ಅಥವಾ ತಮಗೆ ಸರಿಕಂಡವರಿಗೆ ವಾಸಕ್ಕೆ ಕೊಡಬಹುದು' ಎಂಬ ಧಾಟಿಯ ಮಾತು ಕೂತಿರುತ್ತದೆ. ಆ ಒಂದು ವಾಕ್ಯಕ್ಕೆ ಸಹಿ ಹಾಕಿದರೆ ಮುಂದೆ ನಡೆಯುವುದಕ್ಕೆಲ್ಲ ನೀವೇ ಒಪ್ಪಿಗೆ ಕೊಟ್ಟಂತೆ.

ಬಾಡಿಗೆದಾರರು ನೋಡಬೇಕಾದದ್ದು ಇದರ ಇನ್ನೊಂದು ಮಗ್ಗುಲು. ನಿಮಗೆ ಕೊಟ್ಟ ಕರಾರಿನಲ್ಲಿ ಮೊದಲನೇ ಪಕ್ಷದವರು ಎಂಬಲ್ಲಿ ಯಾರ ಹೆಸರಿದೆ? ಮಾಲೀಕರ ಹೆಸರಿನ ಬದಲು ಕಂಪನಿಯ ಹೆಸರೋ, 'ಮಾಲೀಕರ ಪರವಾಗಿ' ಎಂದೋ ಇದ್ದರೆ ಆ ಪರವಾನಗಿ ಕೊಟ್ಟ ಜಿಪಿಎ ಕೇಳಿ. ಖಾತೆಯ ಜೆರಾಕ್ಸು, ಕ್ರಯಪತ್ರದ ಜೆರಾಕ್ಸು, ತೆರಿಗೆ ರಸೀತಿ, ಇವೆಲ್ಲ ಮನೆ ಯಾರದು ಎಂದಷ್ಟೇ ತೋರಿಸುತ್ತವೆ, ಕೊಡುವ ಹಕ್ಕು ಇವನಿಗಿದೆ ಎಂದು ತೋರಿಸುವುದಿಲ್ಲ. ಮಾಲೀಕರು ಯಾರು ಎಂದು ಖಚಿತ ಮಾಡಿಕೊಳ್ಳಲು ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಬಹುದು. ನೋಂದಣಿಯಾದ ಕ್ರಯ, ನೋಂದಣಿಯಾದ ಬ್ಯಾಂಕ್ ಅಡಮಾನ, ನೋಂದಣಿಯಾದ ಭೋಗ್ಯ ಅದರಲ್ಲಿ ಕಾಣುತ್ತವೆ. ಸ್ಟಾಂಪ್ ಪೇಪರಿನ ಮೇಲೆ ಬರೆದು ನೋಟರಿ ಸೀಲು ಹಾಕಿಸಿದ ಭೋಗ್ಯ ಕಾಣುವುದಿಲ್ಲ. ಇಸಿ ಖಾಲಿ ಬಂತೆಂದು ನಿಶ್ಚಿಂತರಾಗುವಂತಿಲ್ಲ ಎಂದಾಯಿತು. ಅದಕ್ಕಿಂತ ಸುಲಭದ ದಾರಿಯೆಂದರೆ ಹಣ ಕೊಡುವ ಮೊದಲೇ ನಮ್ಮ ಆಫೀಸಿಗೆ ಬನ್ನಿ. ಮಾಲೀಕರ ನಂಬರನ್ನು ನಿಮಗೆ ಕೊಡುವುದಿಲ್ಲ, ಆದರೆ ನಮ್ಮ ಪಟ್ಟಿಯಲ್ಲಿರುವ ನಂಬರಿಗೆ ನಿಮ್ಮ ಎದುರಿಗೇ ಕರೆ ಮಾಡಿ, ಅವರು ಒಪ್ಪಿದರೆ ಮಾತಾಡಿಸುತ್ತೇವೆ.

ನೋಟರಿಯ ಬಗ್ಗೆ ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ. ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಎಲ್ಲರೂ 11 ತಿಂಗಳಿಗೆ ಕರಾರು ಮಾಡಿಕೊಳ್ಳುವುದು ಇದರಿಂದ ತಪ್ಪಿಸಿಕೊಳ್ಳುವುದಕ್ಕೇ. ಸಾಧಾರಣ ಬಾಡಿಗೆಗೆ ಅದು ನಡೆದೀತು. ಆದರೆ ಮೂರು ವರ್ಷದ ಭೋಗ್ಯವನ್ನು 11 ತಿಂಗಳ ಬಾಡಿಗೆ ಕರಾರಿನ ವೇಷದಲ್ಲಿ, 'ಭದ್ರತಾ ಠೇವಣಿ 8 ಲಕ್ಷ' ಎಂದು ಬರೆದು, ನೂರು ರೂಪಾಯಿಯ ಕಾಗದದ ಮೇಲೆ ಮಾಡಿದರೆ ಹಣ ಕೊಟ್ಟವರ ಕೈಯಲ್ಲಿ ಉಳಿಯುವುದು ಬಹಳ ದುರ್ಬಲವಾದ ಪತ್ರ. ಫ್ಲ್ಯಾಟಿನ ಮೇಲೆ ಗೃಹಸಾಲವಿದ್ದು ಕಂತು ನಿಂತು ಬ್ಯಾಂಕು ಸ್ವಾಧೀನಕ್ಕೆ ಬಂದಾಗ ಈ ದೌರ್ಬಲ್ಯ ಎದ್ದು ಕಾಣುತ್ತದೆ. ನೋಟರಿ ಸೀಲು ಇಂಥವರು ಇಂಥ ದಿನ ಸಹಿ ಹಾಕಿದರು ಎಂದು ಹೇಳುತ್ತದೆ, ನೋಂದಣಿಯ ಬದಲಿಗೆ ಅದು ನಿಲ್ಲುವುದಿಲ್ಲ.

ಸ್ಟಾಂಪ್ ಶುಲ್ಕವೂ ಹಾಗೆಯೇ. ನೂರರ ಕಾಗದ ಎಂಬುದು ರೂಢಿ, ಕಾನೂನಲ್ಲ. ಶುಲ್ಕವನ್ನು ಲೆಕ್ಕ ಹಾಕುವಾಗ ಬಾಡಿಗೆಯ ಜೊತೆಗೆ ಅಡ್ವಾನ್ಸನ್ನೂ ಸೇರಿಸಬೇಕು. ಇ-ಸ್ಟಾಂಪ್ ಕೌಂಟರಿನಲ್ಲಿ ಎರಡನ್ನೂ ಹೇಳಿ, ಎಷ್ಟು ಬರುತ್ತದೋ ಅಷ್ಟಕ್ಕೆ ತೆಗೆಸಿ. ಕಡಿಮೆ ಶುಲ್ಕದ ಪತ್ರವನ್ನು ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೋರ್ಟು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸ್ವೀಕರಿಸಬೇಕೆಂದರೆ ಕೊರತೆ ಬಿದ್ದ ಶುಲ್ಕದ ಜೊತೆ ಅದರ ಹತ್ತರಷ್ಟರವರೆಗೆ ದಂಡ ಕಟ್ಟಬೇಕಾಗುತ್ತದೆ. ಬಾಡಿಗೆದಾರರು ಖಾಲಿ ಮಾಡದೆ ಕೂತಾಗ, ಅಥವಾ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡದಿದ್ದಾಗ ಇದು ನೆನಪಿಗೆ ಬರುತ್ತದೆ.

ಇನ್ನು ಪೊಲೀಸ್ ಠಾಣೆಯ ವಿಷಯ. ಸಂಘಕ್ಕೆ ನಮೂನೆ ಕೊಟ್ಟರೆ ಠಾಣೆಗೂ ಕೊಟ್ಟಂತೆ ಎಂದು ಅನೇಕರು ತಿಳಿದಿದ್ದಾರೆ. ಎರಡೂ ಬೇರೆ. ಬಾಡಿಗೆದಾರರ ಮಾಹಿತಿ ಕೊಡಬೇಕೆಂದು ಜಿಲ್ಲಾಡಳಿತ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಅಡಿ, ಅಂದರೆ ಹಿಂದಿನ 144ನೇ ಸೆಕ್ಷನ್ನಿನಡಿ, ಆದೇಶ ಮಾಡಿದ್ದರೆ ಅದು ಮಾಲೀಕರ ಮೇಲಿನ ಹೊಣೆ. ಅಂಥ ಆದೇಶ ಸಾಮಾನ್ಯವಾಗಿ ಎರಡು ತಿಂಗಳು ಮಾತ್ರ ಜಾರಿಯಲ್ಲಿರುತ್ತದೆ, ಸರ್ಕಾರ ಬೇಕೆಂದರೆ ಅದನ್ನು ಇನ್ನು ಆರು ತಿಂಗಳವರೆಗೆ ಮುಂದುವರಿಸಬಹುದು. ಆದೇಶ ಇದ್ದಾಗ ಉಲ್ಲಂಘಿಸಿದರೆ ನ್ಯಾಯ ಸಂಹಿತೆಯ 223ನೇ ಕಲಂ ಅನ್ವಯವಾಗುತ್ತದೆ: ಆರು ತಿಂಗಳವರೆಗೆ ಸಾದಾ ಸಜೆ, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶ ಯಾವಾಗ ಬಂತು ಯಾವಾಗ ಮುಗಿಯಿತು ಎಂದು ನೆನಪಿಟ್ಟುಕೊಳ್ಳುವುದು ಕಷ್ಟ. ಪ್ರತಿ ಹೊಸ ಬಾಡಿಗೆಗೂ ಒಮ್ಮೆ ಠಾಣೆಗೆ ಮಾಹಿತಿ ಕೊಟ್ಟುಬಿಡುವುದೇ ಸುಲಭ.

ಕೊಡುವ ಕ್ರಮ ಇಷ್ಟೇ. ಫ್ಲ್ಯಾಟು ಇರುವ ವ್ಯಾಪ್ತಿಯ ಠಾಣೆಗೇ ಹೋಗಬೇಕು. ಬಿ.ಎಚ್. ರಸ್ತೆಯ ಆಚೆ ಈಚೆಗೆ ವ್ಯಾಪ್ತಿ ಬದಲಾಗಬಹುದು, ನಮ್ಮ ಠಾಣೆ ಯಾವುದೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಬಾಡಿಗೆದಾರರ ಫೋಟೊ, ಗುರುತಿನ ಚೀಟಿಯ ಪ್ರತಿ, ಊರಿನ ಕಾಯಂ ವಿಳಾಸ, ಹಿಂದೆ ಇದ್ದ ಮನೆಯ ವಿಳಾಸ, ಕೆಲಸ ಮಾಡುವ ಅಥವಾ ಓದುವ ಜಾಗ, ಜೊತೆಗಿರುವವರ ಹೆಸರು ವಯಸ್ಸು, ಗಾಡಿ ನಂಬರು, ಇಷ್ಟನ್ನು ಒಂದು ಅರ್ಜಿಯ ಜೊತೆ ಎರಡು ಸೆಟ್ ಮಾಡಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಸೀಲು, ತಾರೀಕು, ಸ್ವೀಕರಿಸಿದವರ ಸಹಿ ಹಾಕಿಸಿಕೊಳ್ಳಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಾಗದವನ್ನು ಟೇಬಲ್ಲಿನ ಮೇಲಿಟ್ಟು ಬಂದುಬಿಡುತ್ತಾರೆ, ನಾಳೆ ಕೊಟ್ಟಿದ್ದೆ ಎಂದು ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಆ ಸೀಲಿನ ಅರ್ಥ ಮಾಹಿತಿ ತಲುಪಿದೆ ಎಂಬುದಷ್ಟೇ. ಬಾಡಿಗೆದಾರರ ಮೇಲೆ ಯಾವ ಪ್ರಕರಣವೂ ಇಲ್ಲವೆಂಬ ಪ್ರಮಾಣಪತ್ರ ಬೇಕಿದ್ದರೆ ಅದು ಪ್ರತ್ಯೇಕ ಅರ್ಜಿ. ನಾವು ಅದನ್ನು ಕೇಳುತ್ತಿಲ್ಲ.

ವಿದೇಶಿ ಪ್ರಜೆಗೆ ಮನೆ ಕೊಟ್ಟಿದ್ದರೆ, ಕಾಲೇಜು ವಿದ್ಯಾರ್ಥಿಯೇ ಆಗಿರಲಿ, ಅವರು ಬಂದ 24 ಗಂಟೆಯೊಳಗೆ indianfrro.gov.in ಮೂಲಕ ಮಾಲೀಕರೇ ಮಾಹಿತಿ ಕೊಡಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಈ ಹೊಣೆ ಮನೆ ಕೊಟ್ಟವರ ಮೇಲೆಯೇ ಇದೆ. ಇದರಲ್ಲಿ ಸಲಿಗೆಗೆ ಜಾಗವಿಲ್ಲ.

ಗುರುತಿನ ಚೀಟಿ ವಿಷಯದಲ್ಲಿ ನಮ್ಮದೊಂದು ಕೋರಿಕೆ. ಪೂರ್ತಿ ಆಧಾರ್ ಸಂಖ್ಯೆ ಕಾಣುವ ಜೆರಾಕ್ಸನ್ನು ಸಂಘಕ್ಕೆ ಕೊಡಬೇಡಿ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. myaadhaar.uidai.gov.in ಗೆ ಹೋಗಿ ಒಟಿಪಿ ಕೊಟ್ಟು ಒಳಹೊಕ್ಕು, Download Aadhaar ಒತ್ತಿ, ಅಲ್ಲಿ Masked Aadhaar ಎಂಬಲ್ಲಿ ಟಿಕ್ ಮಾಡಿ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಕಡತ ತೆರೆಯಲು ಕೇಳುವ ಪಾಸ್‌ವರ್ಡು ಆಧಾರಿನಲ್ಲಿ ಇರುವಂತೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಸುರೇಶ ಎಂಬುವರು 1990ರಲ್ಲಿ ಹುಟ್ಟಿದ್ದರೆ SURE1990. ಮುದ್ರಿಸಿದ ಪ್ರತಿಯ ಮೇಲೆ, ಫೋಟೊ ಮತ್ತು ಅಕ್ಷರಗಳ ಮೇಲೆ ಹಾಯುವಂತೆ ಓರೆಯಾಗಿ, 'ಫ್ಲ್ಯಾಟ್ ಸಂಖ್ಯೆ ಇಂಥದ್ದರ ಬಾಡಿಗೆ ನೋಂದಣಿಗೆ ಮಾತ್ರ' ಎಂದು ಬರೆದು ತಾರೀಕು ಹಾಕಿ. ಮೂಲೆಯಲ್ಲಿ ಬರೆದರೆ ಜೆರಾಕ್ಸಿನಲ್ಲಿ ಮುಚ್ಚಿಬಿಡಬಹುದು. ಆಧಾರ್ ಕೊಡಲು ಇಷ್ಟವಿಲ್ಲದವರು ಮತದಾರರ ಚೀಟಿ ಅಥವಾ ಚಾಲನಾ ಪರವಾನಗಿ ಕೊಡಬಹುದು.

ಈ ಪ್ರತಿಗಳು ಇರುವುದು ಆಫೀಸಿನ ಕಬ್ಬಿಣದ ಬೀರುವಿನಲ್ಲಿ. ಬೀಗದ ಕೈ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಹತ್ತಿರ ಮಾತ್ರ ಇರುತ್ತದೆ. ಗೇಟಿನ ಸೆಕ್ಯೂರಿಟಿ ಪುಸ್ತಕಕ್ಕೆ ಹೋಗುವುದು ಹೆಸರು, ಫ್ಲ್ಯಾಟ್ ಸಂಖ್ಯೆ, ಗಾಡಿ ನಂಬರು, ತುರ್ತಿಗೆ ಒಂದು ಫೋನ್ ನಂಬರು. ಯಾವ ಕಾಗದವೂ ವಾಟ್ಸಾಪ್ ಗುಂಪಿಗೆ ಬರುವುದಿಲ್ಲ. ದಯವಿಟ್ಟು ನೀವೂ ಗುಂಪಿಗೆ ಹಾಕಿ 'ಸೆಕ್ರೆಟರಿಯವರ ಗಮನಕ್ಕೆ' ಎಂದು ಬರೆಯಬೇಡಿ, ಅದು ಅಲ್ಲಿರುವ ಎಲ್ಲರ ಫೋನಿಗೂ ಇಳಿದಿರುತ್ತದೆ. ಮನೆ ಖಾಲಿಯಾಗಿ ಆರು ತಿಂಗಳಾದ ಮೇಲೆ ಆ ಪ್ರತಿಗಳನ್ನು ಹರಿದು ನಾಶಮಾಡಿ, ರಿಜಿಸ್ಟರಿನಲ್ಲಿ ಹೆಸರು ಮತ್ತು ಬಂದು ಹೋದ ತಾರೀಕನ್ನು ಮಾತ್ರ ಉಳಿಸಿಕೊಳ್ಳುತ್ತೇವೆ.

ನಮೂನೆಯಲ್ಲಿ ಜಾತಿ, ಧರ್ಮ, ಮದುವೆ, ಊಟದ ಅಭ್ಯಾಸ ಇವುಗಳ ಕಾಲಮ್ಮು ಇಲ್ಲ. ಸೇರಿಸಬೇಕೆಂದು ಬಂದ ಸಲಹೆಯನ್ನು ಸಮಿತಿ ಒಪ್ಪಲಿಲ್ಲ. ಮನೆ ಯಾರಿಗೆ ಕೊಡಬೇಕೆಂಬುದು ಮಾಲೀಕರ ನಿರ್ಧಾರ, ಸಂಘ ಅದಕ್ಕೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಸಂಸ್ಥೆ ಅಲ್ಲ. ಹಾಗೆಯೇ, ನಮೂನೆ ಕೊಡಲಿಲ್ಲವೆಂದು ನೀರು ನಿಲ್ಲಿಸುವುದು, ಕರೆಂಟು ತೆಗೆಸುವುದು, ಲಿಫ್ಟ್ ಹತ್ತಬೇಡಿ ಎನ್ನುವುದು ಇವ್ಯಾವುದನ್ನೂ ನಾವು ಮಾಡುವುದಿಲ್ಲ. ಮಾಲೀಕರ ತಪ್ಪಿಗೆ ಒಳಗಿರುವ ಮಕ್ಕಳು ಮುದುಕರಿಗೆ ನೀರಿಲ್ಲದಂತೆ ಮಾಡುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಸಾಮಾನು ಸಾಗಿಸಲು ಲಿಫ್ಟ್ ಸಮಯ ಗೊತ್ತುಮಾಡುವುದು ಮತ್ತು ಗಾಡಿಯ ಸ್ಟಿಕ್ಕರ್ ಕೊಡುವುದು ನೋಂದಣಿಯಾದ ಮೇಲೆ, ಅಷ್ಟೇ ನಮ್ಮ ಕೈಯಲ್ಲಿರುವ ಅಸ್ತ್ರ.

ಸಾಮಾನಿನ ಲಾರಿ ಬರುವ ಮೂರು ದಿನ ಮೊದಲೇ ಹಾಳೆ ನಮ್ಮ ಕೈ ಸೇರಬೇಕೆಂದು ನೋಟಿಸಿನಲ್ಲಿ ಹೇಳಿರುವುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಭೋಗ್ಯದ ಹಣದಲ್ಲಿ ಸ್ವಲ್ಪ ಮುಂಗಡ ಕೊಟ್ಟು, ಬಾಕಿಯನ್ನು ಬೀಗದ ಕೈ ಪಡೆಯುವ ದಿನ ಕೊಡುತ್ತಾರೆ. ಎರಡು ಕಾಲಮ್ಮು ಹೊಂದುವುದಿಲ್ಲ ಎಂದು ಆ ಮೂರು ದಿನದಲ್ಲಿ ಗೊತ್ತಾದರೆ ಬಾಕಿ ಹಣ ಉಳಿಯುತ್ತದೆ. ಲಾರಿ ಗೇಟಿನಲ್ಲಿ ನಿಂತ ಮೇಲೆ ಗೊತ್ತಾದರೆ ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಹಳೇ ಮನೆಯೂ ಖಾಲಿಯಾಗಿರುತ್ತದೆ.

ದೂರದಲ್ಲಿರುವ ಮಾಲೀಕರು ಹಾಳೆಯನ್ನು ಮುದ್ರಿಸಿ, ಎಡಗಡೆ ತುಂಬಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಸಂಘದ ಪಟ್ಟಿಯಲ್ಲಿರುವ ತಮ್ಮ ಇಮೇಲಿನಿಂದಲೇ ಕಳಿಸಬೇಕು. ಬ್ರೋಕರ್ ಕೈಯಲ್ಲಿ ಕಳಿಸಿದ ಹಾಳೆ ನಡೆಯದು. ಇಮೇಲ್ ಬಂದ ಮೇಲೆ ಕಾರ್ಯದರ್ಶಿಯವರು ಒಂದು ವಿಡಿಯೊ ಕರೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಫ್ಲ್ಯಾಟು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಒಬ್ಬರ ಸಹಿ ಸಾಕು, ಇನ್ನೊಬ್ಬರು ಒಪ್ಪಿದ್ದಾರೆಂದು ಒಂದು ಸಾಲಿನ ಇಮೇಲ್ ಇರಲಿ. ಮಾಲೀಕರು ತೀರಿಕೊಂಡು ಖಾತೆ ಇನ್ನೂ ವಾರಸುದಾರರ ಹೆಸರಿಗೆ ಆಗಿಲ್ಲದಿದ್ದರೆ ಬಾಡಿಗೆ ಪಡೆಯುತ್ತಿರುವ ವಾರಸುದಾರರು ಸಹಿ ಹಾಕಿ, ಉಳಿದವರ ಹೆಸರು ಬರೆದುಕೊಡಿ. ನಿಮ್ಮ ಫೋನ್ ನಂಬರು ಬದಲಾಗಿದ್ದರೆ ಮೊದಲು ಅದನ್ನು ತಿದ್ದಿಸಿ. ಸಂಘದ ಪಟ್ಟಿಯಲ್ಲಿ ಬಿಲ್ಡರ್ ಕಾಲದ ನಂಬರುಗಳು ಇನ್ನೂ ಇವೆ, ಅವುಗಳಲ್ಲಿ ಕೆಲವು ಬ್ರೋಕರುಗಳದ್ದೇ.

ನಮೂನೆಯ ಎರಡನೇ ಹಾಳೆ ವಾಸಿಗಳ ಪಟ್ಟಿ. ಕುಟುಂಬದವರು ಅದನ್ನು ಒಮ್ಮೆ ತುಂಬಿದರೆ ಆಯಿತು. ತೊಂದರೆ ಬರುವುದು ವಿದ್ಯಾರ್ಥಿಗಳು ಇರುವ ಮನೆಗಳಲ್ಲಿ. ಕರಾರಿನಲ್ಲಿ ಒಬ್ಬ ಹುಡುಗನ ಹೆಸರಿರುತ್ತದೆ, ಒಳಗೆ ನಾಲ್ವರಿರುತ್ತಾರೆ. ವರ್ಷ ಕಳೆಯುವುದರೊಳಗೆ ಕರಾರಿಗೆ ಸಹಿ ಹಾಕಿದವನು ಓದು ಮುಗಿಸಿ ಹೋಗಿ, ಅವನ ಜಾಗಕ್ಕೆ ಅವನ ಜೂನಿಯರ್ ಬಂದಿರುತ್ತಾನೆ. ಮಾಲೀಕರಿಗೆ ಬಾಡಿಗೆ ಬರುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ವಸಂತನರಸಾಪುರದ ಕಾರ್ಖಾನೆಗಳು ನೌಕರರಿಗೆಂದು ಪಡೆದ ಮನೆಗಳಲ್ಲೂ ಇದೇ ಕತೆ, ಅಲ್ಲಿ ಬದಲಾವಣೆ ಇನ್ನೂ ಬೇಗ. ಇಂಥ ಮನೆಗಳಿಗೆ ಮೊದಲ ಹಾಳೆಯನ್ನು ಮತ್ತೆ ಕೊಡುವುದು ಬೇಡ, ಎರಡನೆಯದನ್ನು ಮಾತ್ರ ಯಾರಾದರೂ ಬದಲಾದ ವಾರದೊಳಗೆ ಹೊಸದಾಗಿ ತುಂಬಿ ಕೊಡಿ. ಕರಾರಿಗೆ ಸಹಿ ಹಾಕಿದವರೇ ಬಿಟ್ಟುಹೋಗಿದ್ದರೆ ಮಾತ್ರ ಹೊಸ ಕರಾರು ಬೇಕು, ಯಾಕೆಂದರೆ ಒಳಗಿರುವವರಿಗೂ ನಿಮಗೂ ನಡುವೆ ಆಗ ಯಾವ ಪತ್ರವೂ ಇರುವುದಿಲ್ಲ.

ಬರುವವರ ನೋಂದಣಿಗಿಂತ ಹೋಗುವವರ ನೋಂದಣಿ ಹೆಚ್ಚು ಬಿಟ್ಟುಹೋಗುತ್ತದೆ. ಖಾಲಿ ಮಾಡುವ ದಿನ ಬೆಸ್ಕಾಂ ಮೀಟರಿನ ರೀಡಿಂಗನ್ನು ಆರ್‌ಆರ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದಿಡಿ. ಬಾಡಿಗೆದಾರರು ಗೃಹಜ್ಯೋತಿಗೆ ಆ ಆರ್‌ಆರ್ ಸಂಖ್ಯೆಯನ್ನು ತಮ್ಮ ಆಧಾರಿಗೆ ಜೋಡಿಸಿದ್ದರೆ ಹೋಗುವ ಮೊದಲೇ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ. ಮಾಡಿಸದಿದ್ದರೆ ಹೊಸದಾಗಿ ಬಂದವರು ಅರ್ಜಿ ಹಾಕುವಾಗ ತೊಡಕಾಗುತ್ತದೆ, ಹಳಬರು ಹೊಸ ಮನೆಯಲ್ಲಿ ಹಾಕುವಾಗಲೂ ತೊಡಕು. ಅವರು ಊರು ಬಿಟ್ಟ ಮೇಲೆ ಅವರ ಹಿಂದೆ ಫೋನು ಹಿಡಿದು ಅಲೆಯಬೇಕಾಗುತ್ತದೆ. ಗಾಡಿಯ ಸ್ಟಿಕ್ಕರ್, ಗೇಟಿನ ಕಾರ್ಡು ವಾಪಸ್ ಪಡೆದ ಮೇಲೆ ನಾವು ರಿಜಿಸ್ಟರಿನಲ್ಲಿ ಹೋದ ತಾರೀಕು ಬರೆದು ನಿಮಗೆ ಒಂದು ಮೆಸೇಜ್ ಕಳಿಸುತ್ತೇವೆ. ಆ ಮೆಸೇಜ್ ಬರದೆ ಅಡ್ವಾನ್ಸ್ ವಾಪಸ್ ಕೊಡಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ, ಆದರೆ ಕೊಡುವ ಮೊದಲು ಬಂದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈಗಾಗಲೇ ಬಾಡಿಗೆಗೆ ಇರುವವರ ಹಾಳೆಗಳನ್ನು ಮುಂದಿನ ತಿಂಗಳ 15ರೊಳಗೆ ಕೊಡಬೇಕು. ಖಾಲಿ ಇರುವ ಫ್ಲ್ಯಾಟಿನ ಮಾಲೀಕರು ಮೊದಲ ಹಾಳೆಯಲ್ಲಿ 'ಖಾಲಿ ಇದೆ' ಎಂದು ಬರೆದು ಸಹಿ ಹಾಕಿ ಕಳಿಸಿ, ನೀವು ಖಾಲಿ ಎಂದುಕೊಂಡಿರುವ ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಸೆಕ್ಯೂರಿಟಿಯವರು ಹೇಳುತ್ತಾರೆ. ಸಂಘದ ಆಫೀಸು ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8, ಭಾನುವಾರ ಬೆಳಗ್ಗೆ 10ರಿಂದ 1ರವರೆಗೆ ತೆರೆದಿರುತ್ತದೆ. ನಮೂನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ನೋಂದಣಿಗೆ ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ, ನಮಗೆ ತಿಳಿಸಿ.

ಇತಿ,
ಆಡಳಿತ ಸಮಿತಿಯ ಪರವಾಗಿ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಖಜಾಂಚಿ
ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ತುಮಕೂರು